ಬಾಗಿಲು ಹಾಕಿದ ಅಂಗಡಿಗೂ ರೆಸ್ಯೂಮೆಯಲ್ಲಿ ಜಾಗವಿದೆ

ಒಂದು ಹುದ್ದೆಗೆ ಬಂದ ನೂರಾರು ಅರ್ಜಿಗಳನ್ನು ಮುಂದಿಟ್ಟುಕೊಂಡು ಕೂತ ಎಚ್‌ಆರ್ ಉದ್ಯೋಗಿಯ ಕಣ್ಣು ಮೊದಲು ಓಡುವುದು ತಾರೀಖುಗಳ ಮೇಲೆ. ಯಾವ ತಿಂಗಳು ಒಂದು ಕೆಲಸ ಬಿಟ್ಟರು, ಯಾವ ತಿಂಗಳು ಇನ್ನೊಂದಕ್ಕೆ ಸೇರಿದರು? ನಡುವೆ ಎರಡೂವರೆ ವರ್ಷ ಖಾಲಿ ಬಿದ್ದಿದ್ದರೆ, ಅಥವಾ ಆ ಜಾಗದಲ್ಲಿ ‘ಸ್ವಂತ ವ್ಯವಹಾರ’ ಎಂಬ ಎರಡೇ ಪದವಿದ್ದರೆ ಕಣ್ಣು ಅಲ್ಲಿ ನಿಲ್ಲುತ್ತದೆ. ಬಹಳ ಸಲ ಅರ್ಜಿಯೂ ಅಲ್ಲೇ ನಿಲ್ಲುತ್ತದೆ.

ಅಂಗಡಿಯನ್ನೋ ಸಣ್ಣ ಕಾರ್ಖಾನೆಯನ್ನೋ ನಡೆಸಿ, ಕೈಸುಟ್ಟುಕೊಂಡು, ಮತ್ತೆ ಸಂಬಳದ ಕೆಲಸ ಹುಡುಕುವವರು ಈ ಭಾಗವನ್ನು ಆದಷ್ಟು ಚಿಕ್ಕದಾಗಿ ಬರೆಯುತ್ತಾರೆ. ಕೆಲವರು ಅದನ್ನು ತೆಗೆದೇಹಾಕಿ ‘ಕೌಟುಂಬಿಕ ಕಾರಣ’ ಎಂದು ಬರೆಯುವುದೂ ಉಂಟು. ಬೆಳಗಿನ ಆರಕ್ಕೆ ಶಟರ್ ಎತ್ತಿ, ರಾತ್ರಿ ಹತ್ತಕ್ಕೆ ಲೆಕ್ಕ ಮುಗಿಸಿದ ವರ್ಷಗಳು ಹೀಗೆ ಮನೆಯಲ್ಲಿ ಸುಮ್ಮನೆ ಕೂತ ವರ್ಷಗಳಂತೆ ಕಾಣತೊಡಗುತ್ತವೆ. ನಷ್ಟದ ನಾಚಿಕೆ ಅರ್ಥವಾಗುವಂಥದ್ದೇ. ಆದರೆ ಎಚ್‌ಆರ್‌ನವರ ತಲೆಯಲ್ಲಿ ಓಡುವ ಪ್ರಶ್ನೆಗಳಲ್ಲಿ ‘ನಷ್ಟವಾಯಿತೇ’ ಎಂಬುದು ಕೊನೆಯದು. ಅದಕ್ಕಿಂತ ಮೊದಲು ಅವರಿಗೆ ಬೇಕಾದ ಉತ್ತರಗಳು ಬೇರೆ: ಈ ವ್ಯವಹಾರ ನಿಜವಾಗಿ ಇತ್ತೇ? ಈಗ ನಿಜವಾಗಿ ಮುಚ್ಚಿದೆಯೇ, ಇಲ್ಲವೇ ನಮ್ಮ ಸಂಬಳ ತೆಗೆದುಕೊಂಡು ಸಂಜೆ ಅಲ್ಲಿಗೆ ಹೋಗಿ ಕೂರುತ್ತಾರೆಯೇ? ತಾನೇ ಯಜಮಾನನಾಗಿದ್ದವರು ಇನ್ನೊಬ್ಬರು ಹೇಳಿದ ಮಾತು ಕೇಳುತ್ತಾರೆಯೇ? ಆರು ತಿಂಗಳಿಗೆ ಬಿಟ್ಟು ಹೋಗುತ್ತಾರೆಯೇ?

ಈ ಪ್ರಶ್ನೆಗಳಿಗೆಲ್ಲ ವ್ಯವಹಾರ ಶುರು ಮಾಡಿದ ಕಥೆಗಿಂತ ಅದನ್ನು ಮುಚ್ಚಿದ ಕಥೆಯೇ ಹೆಚ್ಚು ಉತ್ತರ ಕೊಡುತ್ತದೆ. ಶುರು ಮಾಡುವ ಉತ್ಸಾಹ ಎಲ್ಲರಲ್ಲೂ ಇರುತ್ತದೆ. ಲೆಕ್ಕ ನೋಡಿ, ನಿಲ್ಲಿಸಬೇಕಾದ ತಿಂಗಳಲ್ಲಿ ನಿಲ್ಲಿಸಿ, ಬಾಕಿ ತೀರಿಸಿ, ಸರ್ಕಾರಿ ಕಾಗದ ಮುಗಿಸಿ ಹೊರಬಂದವರು ಕಡಿಮೆ. ಹಾಗೆ ಬಂದವರು ಅದನ್ನೇ ಬರೆಯದೆ ಬಿಡುತ್ತಾರೆ.

ಒಂದು ಉದಾಹರಣೆಯನ್ನು ಕಟ್ಟಿಕೊಂಡು ನೋಡೋಣ. ದಾವಣಗೆರೆಯ ಬಿ.ಕಾಂ. ಪದವೀಧರರೊಬ್ಬರು ಬಿಸ್ಕತ್ತು ಕಂಪನಿಯೊಂದರಲ್ಲಿ ಐದು ವರ್ಷ ಸೇಲ್ಸ್ ಆಫೀಸರ್ ಆಗಿದ್ದರು. ಬಿಡುವಾಗ ಅವರ ಸಂಬಳ ವರ್ಷಕ್ಕೆ 6.2 ಲಕ್ಷ. 2021ರ ಜೂನ್‌ನಲ್ಲಿ ಕೆಲಸ ಬಿಟ್ಟು ಆಗಸ್ಟ್‌ನಲ್ಲಿ ಗಾಣದ ಎಣ್ಣೆ ಶುರು ಮಾಡಿದರು. ಎರಡು ಗಾಣ, ಇಬ್ಬರು ಕೆಲಸಗಾರರು, ಚಳ್ಳಕೆರೆ ಕಡೆಯಿಂದ ಶೇಂಗಾ. ಕಿರಾಣಿ ಅಂಗಡಿ ಮತ್ತು ಹೋಟೆಲುಗಳಿಗೆ ತಾವೇ ಹಾಕಿ ಬರುತ್ತಿದ್ದರು. 2024ರ ಮಾರ್ಚ್‌ಗೆ ಬಾಗಿಲು ಹಾಕಿದರು. ಈಗ ಆಹಾರ ಪದಾರ್ಥಗಳ ಕಂಪನಿಯೊಂದರಲ್ಲಿ ಏರಿಯಾ ಸೇಲ್ಸ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕಬೇಕು.

ಅವರ ಲೆಕ್ಕ ಹೀಗಿತ್ತು ಎಂದುಕೊಳ್ಳಿ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಶೇಂಗಾಬೀಜ ಬೇಕು. ಬೀಜ ಕೆಜಿಗೆ 100 ರೂಪಾಯಿ ಇದ್ದಾಗ 250 ರೂಪಾಯಿ ಬೀಜಕ್ಕೇ ಹೋಯಿತು. ಉಳಿದ ಹಿಂಡಿಯನ್ನು ದನದ ಮೇವಿಗೆ ಮಾರಿದರೆ 50 ರೂಪಾಯಿ ವಾಪಸು ಬರುತ್ತದೆ. ಬಾಟಲಿ, ಕೂಲಿ, ಬಾಡಿಗೆ, ಕರೆಂಟು ಎಲ್ಲ ಸೇರಿ 85. ಅಲ್ಲಿಗೆ ಲೀಟರಿಗೆ 285 ಬಿತ್ತು, ಅಂಗಡಿಗೆ ಕೊಟ್ಟಿದ್ದು 320ಕ್ಕೆ. ತಿಂಗಳಿಗೆ 900 ಲೀಟರ್ ಹೋದರೆ ಕೈಯಲ್ಲಿ 31,500 ರೂಪಾಯಿ ಉಳಿಯುತ್ತದೆ. 2022ರಲ್ಲಿ ಉಕ್ರೇನ್ ಯುದ್ಧದಿಂದಾಗಿ ಸೂರ್ಯಕಾಂತಿ ಎಣ್ಣೆಯ ದರ ಏರಿದಾಗ ಜನ ‘ಇಷ್ಟು ಕೊಡುವುದಾದರೆ ಗಾಣದ್ದೇ ತಗೊಳ್ಳೋಣ’ ಎಂದು ಬಂದರು. 2023ರಲ್ಲಿ ರಿಫೈನ್ಡ್ ಎಣ್ಣೆಯ ದರ ಕೆಳಗಿಳಿಯಿತು, ಬಂದವರು ಹಿಂದಿರುಗಿದರು. ಅದೇ ಹೊತ್ತಿಗೆ ಅವರಿಗೆ ಸಿಗುತ್ತಿದ್ದ ಬೀಜ 118ಕ್ಕೆ ಹೋಯಿತು. ಈಗ ಲೀಟರಿಗೆ ಬೀಳುವುದು 330, ಅಂಗಡಿಯವರು ಕೊಡಲು ಒಪ್ಪುವುದು ಕೂಡ 330. ಉಳಿಯುವುದು ಸೊನ್ನೆ.

ಈ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಬಲ್ಲವರಿಗೆ ಮಾರಾಟದ ಹುದ್ದೆಯಲ್ಲಿ ಬೆಲೆ ಇದೆ. ಕಂಪನಿಯ ಸಂಬಳದಲ್ಲಿದ್ದಾಗ ಅವರು ನೋಡುತ್ತಿದ್ದುದು ಟಾರ್ಗೆಟ್ ಮಾತ್ರ. ಸ್ವಂತ ಹಣ ಹಾಕಿದ ಮೇಲೆ ಖರೀದಿ ದರ, ಉದ್ರಿ, ವಸೂಲಿ, ಲೀಟರಿಗೆ ಉಳಿಯುವ ರೂಪಾಯಿ ಎಲ್ಲವನ್ನೂ ನೋಡಿದರು. ಆದರೆ ಅವರ ಹಳೆಯ ರೆಸ್ಯೂಮೆಯಲ್ಲಿದ್ದದ್ದು ಒಂದೇ ಸಾಲು: ‘2021–2024: ಸ್ವಂತ ವ್ಯವಹಾರ (ಎಣ್ಣೆ)’.

ಹೊಸದಾಗಿ ಬರೆಯುವಾಗ ಅದನ್ನು ಹಿಂದಿನ ಕೆಲಸಗಳ ಸಾಲಿನಲ್ಲೇ, ಅದೇ ಅಳತೆಯ ಅಕ್ಷರದಲ್ಲಿ, ಅದೇ ಮಾದರಿಯಲ್ಲಿ ಇಡಬೇಕು. ರೆಸ್ಯೂಮೆ ಇಂಗ್ಲಿಷಿನಲ್ಲೇ ಇರುತ್ತದೆ. ಅದರಲ್ಲಿ ಬರಬೇಕಾದ ವಿಷಯ ಹೀಗೆ:

ಮಾಲೀಕ (ಖರೀದಿ, ಮಾರಾಟ, ವಸೂಲಿ), ಅಂಗಡಿಯ ನೋಂದಾಯಿತ ಹೆಸರು, ದಾವಣಗೆರೆ. ಆಗಸ್ಟ್ 2021ರಿಂದ ಮಾರ್ಚ್ 2024.
ಗಾಣದ ಎಣ್ಣೆ ತಯಾರಿಕೆ ಮತ್ತು ಸಗಟು ಮಾರಾಟ, ಇಬ್ಬರು ಕೆಲಸಗಾರರು, ತಿಂಗಳಿಗೆ ಸರಾಸರಿ 900 ಲೀಟರ್, ವಾರ್ಷಿಕ ವಹಿವಾಟು ಸುಮಾರು 34 ಲಕ್ಷ.
ಸೊನ್ನೆಯಿಂದ 46 ಕಿರಾಣಿ ಅಂಗಡಿ, 7 ಹೋಟೆಲ್ ಗಿರಾಕಿಗಳನ್ನು ಕಟ್ಟಿದ್ದು; ಉದ್ರಿ ವಸೂಲಿಯ ಅವಧಿಯನ್ನು 40 ದಿನದಿಂದ 21 ದಿನಕ್ಕೆ ಇಳಿಸಿದ್ದು.
ಬೀಜದ ದರ ಏರಿ ಲಾಭಾಂಶ ಇಲ್ಲವಾದ ಮೇಲೆ ವ್ಯವಹಾರ ಮುಕ್ತಾಯ. ಬ್ಯಾಂಕ್ ಸಾಲ, ಸರಬರಾಜುದಾರರು ಮತ್ತು ಕೆಲಸಗಾರರ ಬಾಕಿ ಪೂರ್ತಿ ಪಾವತಿ. ಜಿಎಸ್‌ಟಿ ನೋಂದಣಿ ಸ್ವಂತ ಅರ್ಜಿಯಿಂದ ರದ್ದು.

ಕೊನೆಯ ಸಾಲನ್ನು ಬರೆಯಲು ಹಿಂಜರಿಯುವವರೇ ಹೆಚ್ಚು. ಆದರೆ ಓದುವವರ ಮೊದಲ ಎರಡು ಅನುಮಾನಗಳು ಅಲ್ಲೇ ಕರಗುತ್ತವೆ. ಇನ್ನೊಂದು ಮಾತು ಪದನಾಮದ ಬಗ್ಗೆ. ಮೂರು ಜನರ ಗಾಣಕ್ಕೆ ‘ಸ್ಥಾಪಕ ಮತ್ತು ಸಿಇಒ’ ಎಂದು ಬರೆದುಕೊಂಡರೆ ಓದುವವರು ಮುಗುಳ್ನಕ್ಕು ಮುಂದೆ ಹೋಗುತ್ತಾರೆ. ಅಲ್ಲದೆ ಅರ್ಜಿಗಳನ್ನು ಮೊದಲು ಸೋಸುವ ಸಾಫ್ಟ್‌ವೇರ್ ಹುದ್ದೆಗೆ ಸಂಬಂಧಿಸಿದ ಪದಗಳನ್ನು ಹುಡುಕುತ್ತದೆ. ಸಿಇಒ ಎಂಬಲ್ಲಿ ಅದಕ್ಕೆ ಮಾರಾಟ ಸಿಗುವುದಿಲ್ಲ, ‘ಮಾಲೀಕ – ಮಾರಾಟ, ಖರೀದಿ’ ಎಂಬಲ್ಲಿ ಸಿಗುತ್ತದೆ. ಅದೇ ಗಾಣದ ಅನುಭವವನ್ನು ಖರೀದಿ ವಿಭಾಗದ ಹುದ್ದೆಗೆ ಕಳಿಸುವಾಗ ಬೀಜದ ಗುಣಮಟ್ಟ, ತೇವಾಂಶ, ದರ ಮಾತುಕತೆಯ ಸಾಲು ಮೇಲೆ ಬರಬೇಕು, ಅಂಗಡಿಗಳ ಸಾಲು ಕೆಳಗೆ ಹೋಗಬೇಕು. ಅಂಕಿಗಳು ಮಾತ್ರ ಎರಡರಲ್ಲೂ ಒಂದೇ ಇರಬೇಕು.

ಈಗ ಕಾಗದಪತ್ರಕ್ಕೆ ಬರೋಣ. ದೊಡ್ಡ ಕಂಪನಿಗಳು ಆಯ್ಕೆಯ ನಂತರ ಹೊರಗಿನ ಸಂಸ್ಥೆಯಿಂದ ಪೂರ್ವಾಪರ ಪರಿಶೀಲನೆ ಮಾಡಿಸುತ್ತವೆ. ಸಂಬಳದ ಕೆಲಸವಾದರೆ ಹಳೆಯ ಕಂಪನಿಗೆ ಪತ್ರ ಬರೆಯುತ್ತಾರೆ, ಪಿಎಫ್‌ನ 12 ಅಂಕಿಯ ಯುಎಎನ್ ತೆರೆದು ಎಲ್ಲೆಲ್ಲಿ ಎಷ್ಟು ದಿನ ಇದ್ದಿರಿ ಎಂದು ನೋಡುತ್ತಾರೆ. ಸ್ವಂತ ವ್ಯವಹಾರಕ್ಕೆ ಪಿಎಫ್ ಇಲ್ಲ, ಪತ್ರ ಬರೆಯಲು ಎಚ್‌ಆರ್ ವಿಭಾಗವೂ ಇಲ್ಲ. ಹಾಗಾಗಿ ಪುರಾವೆ ಒದಗಿಸುವ ಕೆಲಸ ನಿಮ್ಮದೇ.

ಜಿಎಸ್‌ಟಿ ನೋಂದಣಿ ಇದ್ದವರಿಗೆ ಇದು ಸುಲಭ. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನ Search Taxpayer ಪುಟದಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ಮಾಲೀಕರ ಹೆಸರು, ಅಂಗಡಿಯ ಹೆಸರು, ನೋಂದಣಿಯ ತಾರೀಖು, ರದ್ದಾಗಿದ್ದರೆ ಅದರ ತಾರೀಖು ಎಲ್ಲ ಅಲ್ಲಿರುತ್ತದೆ. ರದ್ದು ಯಾರಿಂದ ಆಯಿತು ಎಂಬುದೂ ತಿಳಿಯುತ್ತದೆ, ಮುಖ್ಯ ವಿಷಯ ಇದೇ. ವ್ಯಾಪಾರಿ ತಾನೇ REG-16 ಅರ್ಜಿ ಹಾಕಿ ರದ್ದು ಮಾಡಿಸಿಕೊಂಡರೆ ಒಂದು ರೀತಿ ದಾಖಲಾಗುತ್ತದೆ. ರಿಟರ್ನ್ ಹಾಕುವುದನ್ನೇ ಬಿಟ್ಟು, ಅಧಿಕಾರಿಯೇ ರದ್ದು ಮಾಡಿದರೆ ಇನ್ನೊಂದು ರೀತಿ. ಅಂಗಡಿ ಮುಚ್ಚಿದವರಲ್ಲಿ ಅನೇಕರು ಎರಡನೆಯ ದಾರಿಯಲ್ಲಿ ಹೋಗುತ್ತಾರೆ, ಶಟರ್ ಎಳೆದರೆ ಎಲ್ಲ ಮುಗಿಯಿತು ಎಂದುಕೊಂಡು. ಸ್ವಂತ ಅರ್ಜಿಯ ಮೇಲೆ ಬರುವ REG-19 ಆದೇಶವೇ ಮಾಲೀಕನ ಪಾಲಿನ ರಿಲೀವಿಂಗ್ ಲೆಟರ್. ಅದಾದ ಮೇಲೆ ಸಾಮಾನ್ಯ ವ್ಯಾಪಾರಿಗಳು ಮೂರು ತಿಂಗಳೊಳಗೆ GSTR-10 ಎಂಬ ಕೊನೆಯ ರಿಟರ್ನ್ ಹಾಕಬೇಕು, ಉಳಿದ ಸರಕಿನ ಲೆಕ್ಕ ಕೊಡಬೇಕು. ನಮ್ಮ ಉದಾಹರಣೆಯ ಗಾಣದವರು ಮಾರ್ಚ್‌ನಲ್ಲಿ ಮಾರಾಟ ನಿಲ್ಲಿಸಿ, ಗಾಣ ಮಾರಿ, ಉದ್ರಿ ವಸೂಲಿ ಮಾಡಿ, ಈ ರಿಟರ್ನ್ ಹಾಕುವಷ್ಟರಲ್ಲಿ ಜೂನ್ ಬಂದಿತ್ತು. ಆ ಮೂರು ತಿಂಗಳನ್ನೂ ‘ವ್ಯವಹಾರ ಮುಕ್ತಾಯದ ಕೆಲಸ’ ಎಂದು ಧೈರ್ಯವಾಗಿ ಬರೆಯಬಹುದು, ಕಾಗದ ಜೊತೆಗಿದೆ. ಜುಲೈ, ಆಗಸ್ಟ್ ಮಾತ್ರ ನಿಜವಾಗಿ ಖಾಲಿ. ಎರಡು ತಿಂಗಳ ಖಾಲಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದನ್ನು ಮುಚ್ಚಲು ತಾರೀಖು ಎಳೆಯಬೇಕಾಗಿಲ್ಲ.

ಜಿಎಸ್‌ಟಿ ಮಿತಿಗಿಂತ ಚಿಕ್ಕ ವ್ಯವಹಾರವಾಗಿದ್ದರೆ ಉದ್ಯಮ್ ನೋಂದಣಿ, ಆಹಾರದ್ದಾದರೆ ಎಫ್‌ಎಸ್‌ಎಸ್‌ಎಐ ಪರವಾನಗಿ, ಪಾಲಿಕೆಯ ಟ್ರೇಡ್ ಲೈಸೆನ್ಸ್, ಬಾಡಿಗೆ ಕರಾರು, ಕರೆಂಟ್ ಅಕೌಂಟಿನ ಸ್ಟೇಟ್‌ಮೆಂಟ್ ಇವುಗಳಲ್ಲಿ ಇದ್ದಷ್ಟು ಒಟ್ಟು ಮಾಡಬೇಕು. ಇವೆಲ್ಲದರ ಜೊತೆಗೆ ಆಯಾ ವರ್ಷಗಳ ಐಟಿಆರ್. ಆಡಿಟರ್ ಒಬ್ಬರಿಂದ ವ್ಯವಹಾರ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಡೆದಿತ್ತು ಎಂದು ಪ್ರಮಾಣಪತ್ರ ಪಡೆಯುವುದಾದರೆ ಅದರ ಮೇಲೆ 18 ಅಂಕಿ-ಅಕ್ಷರಗಳ ಯುಡಿಐಎನ್ ಇದೆಯೇ ನೋಡಿಕೊಳ್ಳಿ. ಚಾರ್ಟರ್ಡ್ ಅಕೌಂಟೆಂಟರು ಕೊಡುವ ಪ್ರಮಾಣಪತ್ರಗಳಿಗೆ 2019ರಿಂದ ಅದು ಕಡ್ಡಾಯ. ಪರಿಶೀಲಿಸುವವರು ಆ ಸಂಖ್ಯೆ ಹಾಕಿ ಪತ್ರ ಅಸಲಿಯೇ ಎಂದು ನೋಡುತ್ತಾರೆ. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡಿದ್ದವರ ಪಾಡು ಬೇರೆ. ಕಂಪನಿ ದಾಖಲೆಯಿಂದ ಹೆಸರು ತೆಗೆಸಲು STK-2 ಅರ್ಜಿ ಹಾಕದೆ ಬಿಟ್ಟಿದ್ದರೆ ನೀವು ಕಾಗದದ ಮೇಲೆ ಇನ್ನೂ ನಿರ್ದೇಶಕರೇ. ಪರಿಶೀಲನೆಯಲ್ಲಿ ಅದು ಸಿಕ್ಕೇ ಸಿಗುತ್ತದೆ.

ಇಷ್ಟೆಲ್ಲ ಮಾಡಿದವರೂ ಎಡವುವುದು ಸಂಬಳದ ಕಾಲಮ್ಮಿನಲ್ಲಿ. ‘ಕೊನೆಯ ಸಿಟಿಸಿ ಎಷ್ಟು?’ ಎಂದು ಫಾರಂ ಕೇಳುತ್ತದೆ. ವಹಿವಾಟು 34 ಲಕ್ಷ ಎಂಬುದು ನಾಲಿಗೆ ತುದಿಯಲ್ಲಿರುತ್ತದೆ, ಆದರೆ ಅದು ಅಂಗಡಿಯ ಮೂಲಕ ಹರಿದ ಹಣ, ಸಂಬಳವಲ್ಲ. ಇನ್ನು ಆದಾಯ ತೆರಿಗೆಯ 44ಎಡಿ ಕಲಮಿನಡಿ ರಿಟರ್ನ್ ಹಾಕಿದ ಸಣ್ಣ ವ್ಯಾಪಾರಿಗಳ ಐಟಿಆರ್‌ನಲ್ಲಿ ಲಾಭ ವಹಿವಾಟಿನ ಶೇ. 8ರಷ್ಟು (ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ಹಣಕ್ಕೆ ಶೇ. 6) ಎಂದು ಮಾತ್ರ ಕಾಣುವುದು ಸಾಮಾನ್ಯ. 34 ಲಕ್ಷಕ್ಕೆ ಶೇ. 8 ಎಂದರೆ 2.72 ಲಕ್ಷ. ಅದಕ್ಕಿಂತ ಹೆಚ್ಚು ದುಡಿದಿದ್ದರೆ ಹೆಚ್ಚೇ ತೋರಿಸಬೇಕಿತ್ತು. ಆಗ ಕನಿಷ್ಠ ತೋರಿಸಿ ಈಗ ‘ನಾನು ವರ್ಷಕ್ಕೆ ಒಂಬತ್ತು ಲಕ್ಷ ದುಡಿಯುತ್ತಿದ್ದೆ’ ಎಂದು ಹೇಳಿದರೆ ಎರಡು ಕಾಗದ ಒಂದನ್ನೊಂದು ಸುಳ್ಳು ಮಾಡುತ್ತವೆ. ಎಚ್‌ಆರ್‌ಗೆ ಬಗೆ ಬಗೆಯ ಅನುಮಾನ ಹುಟ್ಟಲು ಅಷ್ಟು ಸಾಕು.

ಇದಕ್ಕೆ ಸುಲಭ ದಾರಿ ಇದೆ. ಸಂಬಳದ ಕಾಲಮ್ಮಿನಲ್ಲಿ ಕೊನೆಯ ಸಂಬಳ 6.2 ಲಕ್ಷ (2021) ಎಂದು ಬರೆದು, ಷರಾ ಜಾಗದಲ್ಲಿ ‘ನಂತರ ಸ್ವಂತ ವ್ಯವಹಾರ, ಆದಾಯ ಐಟಿಆರ್ ಪ್ರಕಾರ’ ಎಂದು ಸೇರಿಸುವುದು. ನಿರೀಕ್ಷೆಯ ಸಂಬಳವನ್ನು ಆ ಹುದ್ದೆಗೆ ಮಾರುಕಟ್ಟೆಯಲ್ಲಿ ಏನಿದೆಯೋ ಅದರ ಮೇಲೆ ಮಾತಾಡಬೇಕು. ಗಾಣದ ಆದಾಯದ ಮೇಲೆ ಇಷ್ಟು ಶೇಕಡಾ ಏರಿಕೆ ಎಂಬ ಲೆಕ್ಕಕ್ಕೆ ಎಚ್‌ಆರ್ ಎಳೆದರೆ ಒಪ್ಪಬಾರದು.

ಮೊದಲ ಫೋನ್ ಸಂದರ್ಶನ ಐದಾರು ನಿಮಿಷದ್ದು. ಅದು ಹೆಚ್ಚು ಕಡಿಮೆ ಹೀಗಿರುತ್ತದೆ:

“ಮತ್ತೆ ಅಂಗಡಿ ಯಾಕೆ ಮುಚ್ಚಿದ್ರಿ ಸರ್?”

“ಶೇಂಗಾ ರೇಟು ಕೆಜಿಗೆ ನೂರರಿಂದ ನೂರಾ ಹದಿನೆಂಟಕ್ಕೆ ಹೋಯ್ತು ಮೇಡಂ. ಲೀಟರಿಗೆ ಮೂವತ್ತೈದು ರೂಪಾಯಿ ಉಳೀತಿದ್ದದ್ದು ಏನೂ ಉಳೀಲಿಲ್ಲ. ರೇಟು ಏರಿಸಿದ್ರೆ ಅಂಗಡಿಯವರು ತಗೊಳ್ತಿರಲಿಲ್ಲ, ಪಕ್ಕದಲ್ಲೇ ರಿಫೈನ್ಡ್ ಅರ್ಧ ರೇಟಿಗೆ ಇತ್ತು. ಆರು ತಿಂಗಳು ನೋಡಿ, ಸಾಲ ಬೆಳೆಯೋಕೆ ಮುಂಚೆ ನಿಲ್ಲಿಸಿದೆ.”

“ಈಗಲೂ ಏನಾದ್ರೂ ನಡೀತಿದೆಯಾ?”

“ಇಲ್ಲ ಮೇಡಂ. ಮಾರ್ಚ್ ಮೂವತ್ತೊಂದಕ್ಕೆ ಮುಚ್ಚಿದ್ದು. ಜಿಎಸ್‌ಟಿ ಕ್ಯಾನ್ಸಲ್ ಆರ್ಡರ್ ಇದೆ, ಬೇಕಿದ್ರೆ ಇವತ್ತೇ ಕಳಿಸ್ತೀನಿ.”

“ಮತ್ತೆ ಒಳ್ಳೆ ಟೈಮ್ ಬಂದ್ರೆ ಶುರು ಮಾಡ್ತೀರಾ?”

“ಗಾಣ ಎರಡೂ ಮಾರಿದೀನಿ. ಐವತ್ತು ಅಂಗಡಿ ಸುತ್ತೋಕೆ ನನ್ನ ಹಣ ಸಾಕಾಗ್ತಿತ್ತು, ಐನೂರಕ್ಕೆ ಸಾಕಾಗ್ತಿರಲಿಲ್ಲ. ಆ ಕೆಲಸ ಈ ಹುದ್ದೆಯಲ್ಲಿ ಸಿಗುತ್ತೆ ಅಂತಲೇ ಅರ್ಜಿ ಹಾಕಿದ್ದು.”

ಇಲ್ಲಿ ಪಾಲುದಾರನ ಮೇಲೆ ದೂರಿಲ್ಲ, ಕೊರೊನಾದ ಹೆಸರಿಲ್ಲ, ಸರ್ಕಾರವನ್ನು ಬೈದಿಲ್ಲ. ಮುಚ್ಚಿದ ಕಾರಣಕ್ಕೆ ಅಂಕಿ ಇದೆ. ‘ಮಾರುಕಟ್ಟೆ ಸರಿ ಇರಲಿಲ್ಲ’ ಎಂದವರಿಗೆ ಎಚ್‌ಆರ್ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಾರೆ, ‘ಲೀಟರಿಗೆ ಮೂವತ್ತೈದು ಹೋಯಿತು’ ಎಂದವರಿಗೆ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಬಲ್ಲರೇ ಎಂಬ ಅನುಮಾನಕ್ಕೆ ಬಾಯಿಮಾತಿನ ಭರವಸೆಗಿಂತ ಇಬ್ಬರ ಫೋನ್ ನಂಬರ್ ಉಪಯೋಗಕ್ಕೆ ಬರುತ್ತದೆ: ಎಣ್ಣೆ ತೆಗೆದುಕೊಳ್ಳುತ್ತಿದ್ದ ಹೋಟೆಲಿನವರು ಮತ್ತು ಬೀಜ ಕೊಡುತ್ತಿದ್ದ ಮಂಡಿಯವರು. ಹಣ ಕೊಡಬೇಕಾದವರಿಗೆ ಕೊಟ್ಟು ಮುಗಿಸಿದ್ದರೆ ಮಾತ್ರ ಎರಡನೆಯವರ ನಂಬರ್ ಕೊಡಲು ಸಾಧ್ಯ ಎಂಬುದು ಎಚ್‌ಆರ್‌ಗೂ ಗೊತ್ತು. ನಂಬರ್ ಕೊಡುವ ಮೊದಲು ಅವರಿಬ್ಬರಿಗೂ ಒಂದು ಮಾತು ಹೇಳಿಡಬೇಕು.

ಈ ಎಲ್ಲ ತಾಪತ್ರಯ ಬೇಡ ಎಂದು ಅಡ್ಡದಾರಿ ಹಿಡಿಯುವವರೂ ಇದ್ದಾರೆ. ಹಣ ಕೊಟ್ಟರೆ ಇಲ್ಲದ ಕಂಪನಿಯ ಎರಡೂವರೆ ವರ್ಷದ ಅನುಭವ ಪತ್ರ, ಸಂಬಳದ ಚೀಟಿ ಎಲ್ಲ ಕೊಡುವ ಜಾಲ ಬೆಂಗಳೂರಿನಲ್ಲಿ ಗುಟ್ಟೇನಲ್ಲ. ಯುಎಎನ್‌ನಲ್ಲಿ ಆ ಅವಧಿಗೆ ಏನೂ ಇರುವುದಿಲ್ಲ, ಫಾರಂ 26ಎಎಸ್‌ನಲ್ಲಿ ಆ ಕಂಪನಿ ಕಡಿತ ಮಾಡಿದ ತೆರಿಗೆ ಇರುವುದಿಲ್ಲ. ಅದರ ಬದಲು ನಿಮ್ಮ ಪ್ಯಾನ್‌ಗೆ ಜೋಡಿಸಿದ ಗಾಣದ ಜಿಎಸ್‌ಟಿ ಇರುತ್ತದೆ. ಇದು ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸದಿಂದ ತೆಗೆಯುತ್ತಾರೆ. ನಿಜವಾದ ಅನುಭವವನ್ನು ಕೈಯಲ್ಲಿಟ್ಟುಕೊಂಡು ನಕಲಿ ಕೊಂಡುಕೊಳ್ಳುವುದು ನನಗಂತೂ ಅತ್ಯಂತ ದುಬಾರಿ ವ್ಯಾಪಾರವಾಗಿ ಕಾಣುತ್ತದೆ.

ಎಲ್ಲ ಕಡೆಯೂ ಇದು ನಡೆಯುತ್ತದೆ ಎಂದಲ್ಲ. ಅನುಭವ ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲಿ ಕೇಳುವ ಸರ್ಕಾರಿ ಹುದ್ದೆಗಳಲ್ಲಿ ಸ್ವಂತ ಅಂಗಡಿಯ ವರ್ಷಗಳು ಲೆಕ್ಕಕ್ಕೆ ಬರುವುದು ಕಷ್ಟ. ದೊಡ್ಡ ಐಟಿ ಸೇವಾ ಕಂಪನಿಗಳು ‘ಸಂಬಂಧಿತ ಅನುಭವ’ವನ್ನು ಮಾತ್ರ ಎಣಿಸಿ ಸಂಬಳದ ಹಂತ ನಿಗದಿ ಮಾಡುತ್ತವೆ. ಸಾಫ್ಟ್‌ವೇರ್ ಎಂಜಿನಿಯರ್ ಹೋಟೆಲ್ ನಡೆಸಿ ಬಂದರೆ ಆ ವರ್ಷಗಳು ಖಾಲಿ ಅಲ್ಲ ಎಂಬ ಮಟ್ಟಿಗೆ ಉಪಯೋಗಕ್ಕೆ ಬರುತ್ತವೆ, ಹಂತ ಏರಿಸಲು ಬರುವುದಿಲ್ಲ. ಬ್ಯಾಂಕ್, ಹಣಕಾಸು ಸಂಸ್ಥೆಗಳಲ್ಲಿ ಸಾಲದ ಇತಿಹಾಸವನ್ನೂ ನೋಡುತ್ತಾರೆ. ಮುದ್ರಾ ಸಾಲವನ್ನು ಪೂರ್ತಿ ತೀರಿಸಿದ್ದರೆ ಸಿಬಿಲ್ ವರದಿಯಲ್ಲಿ ‘ಕ್ಲೋಸ್ಡ್’ ಎಂದಿರುತ್ತದೆ. ಬ್ಯಾಂಕಿನೊಂದಿಗೆ ಮಾತಾಡಿ ಕಡಿಮೆ ಕಟ್ಟಿ ಮುಗಿಸಿದ್ದರೆ ‘ಸೆಟಲ್ಡ್’ ಎಂದಿರುತ್ತದೆ, ಅದು ಹಣಕಾಸು ಸಂಸ್ಥೆಯವರಿಗೆ ಹಿಡಿಸುವುದಿಲ್ಲ. ಅಂಥವರು ಅರ್ಜಿ ಹಾಕುವ ಮೊದಲೇ ವರದಿ ತೆಗೆಸಿ ನೋಡಬೇಕು. ಸಾಲ ತೀರಿದ್ದರೂ ವರದಿಯಲ್ಲಿ ಬಾಕಿ ಎಂದೇ ಉಳಿದಿದ್ದರೆ ಬ್ಯಾಂಕಿನ ನೋ ಡ್ಯೂ ಪತ್ರ ಕೊಟ್ಟು ಸರಿಪಡಿಸಿಕೊಳ್ಳಲು ಸಮಯ ಹಿಡಿಯುತ್ತದೆ.

ಕೊನೆಗೆ, ನಮ್ಮಲ್ಲಿ ಮಾಮೂಲಿಯಾದ ಒಂದು ಸಂಗತಿ. ಅಂಗಡಿಯನ್ನು ಪೂರ್ತಿ ಮುಚ್ಚದೆ ಹೆಂಡತಿಯ ಹೆಸರಿಗೋ ತಮ್ಮನ ಹೆಸರಿಗೋ ಹೊಸ ನೋಂದಣಿ ಮಾಡಿಸಿ ಮುಂದುವರಿಸುವುದು. ಅದರಲ್ಲಿ ತಪ್ಪೇನಿಲ್ಲ. ಆದರೆ ‘ಮುಚ್ಚಿದೆ’ ಎಂದು ಹೇಳಿದ ಮೇಲೆ ಅದೇ ವಿಳಾಸದಲ್ಲಿ, ಅದೇ ಬೋರ್ಡಿನಲ್ಲಿ ಮನೆಯವರ ಅಂಗಡಿ ನಡೆಯುತ್ತಿರುವುದು ಗೊತ್ತಾದರೆ ವಿವರಿಸಲು ಜಾಗವಿರುವುದಿಲ್ಲ. ಆಫರ್ ಲೆಟರಿಗೆ ಸಹಿ ಹಾಕುವ ಮೊದಲೇ ಎಚ್‌ಆರ್‌ಗೆ ಒಂದು ಇಮೇಲ್ ಬರೆಯಬೇಕು: ಅಂಗಡಿ ಈಗ ಇಂಥವರ ಹೆಸರಿನಲ್ಲಿದೆ, ನನಗೆ ಅದರಲ್ಲಿ ಪಾಲಿಲ್ಲ, ಕೆಲಸದ ವೇಳೆಯಲ್ಲಿ ನಾನು ಅದರಲ್ಲಿ ತೊಡಗುವುದಿಲ್ಲ, ನಿಮ್ಮ ಕಂಪನಿಯ ಸರಕನ್ನು ಅದು ಮಾರುವುದಿಲ್ಲ. ಕೊನೆಯ ಮಾತು ನಿಜವಲ್ಲದಿದ್ದರೆ, ಅಂದರೆ ಹೆಂಡತಿಯ ಅಂಗಡಿಯಲ್ಲಿ ನೀವು ಸೇರಲಿರುವ ಕಂಪನಿಯ ಎಣ್ಣೆಯೇ ಸಿಗುತ್ತಿದ್ದರೆ, ಅದನ್ನೂ ಬರೆಯಬೇಕು. ಮಾರಾಟದ ಹುದ್ದೆಯಲ್ಲಿ ಅಂಗಡಿಗಳಿಗೆ ರಿಯಾಯಿತಿ, ಸ್ಕೀಮು ಹಂಚುವವರು ನೀವೇ ಆಗಿರುತ್ತೀರಿ. ಆ ಒಂದು ಅಂಗಡಿಯನ್ನು ಬೇರೆ ಸೇಲ್ಸ್ ಆಫೀಸರ್‌ಗೆ ವಹಿಸಿ ಎಂದು ನೀವೇ ಕೇಳಿಕೊಂಡರೆ ಸಾಮಾನ್ಯವಾಗಿ ಕಂಪನಿ ಒಪ್ಪುತ್ತದೆ. ಅವರ ಒಪ್ಪಿಗೆಯ ಇಮೇಲನ್ನು ಕಂಪನಿಯ ಮೇಲ್‌ನಲ್ಲಿ ಮಾತ್ರ ಬಿಡದೆ, ಒಂದು ಪ್ರತಿ ತೆಗೆದು ನಿಮ್ಮ REG-19 ಆದೇಶ ಇರುವ ಫೈಲಿನಲ್ಲೇ ಹಾಕಿಡಿ.